ಸಾವಿರ ರೇಡಿಯನ್‌ನ ಸೈನ್: ಕೋನವನ್ನು ಇಳಿಸುವ ಕ್ರಮ, ಐದು ಪದಗಳ ಶ್ರೇಣಿ ಮತ್ತು ದೋಷದ ಪರೀಕ್ಷೆ

ಬೆಳಕಿನ ಸಂವೇದಕವನ್ನು ನಂಬಿ ಸೌರಫಲಕವನ್ನು ಸೂರ್ಯನ ಕಡೆಗೆ ತಿರುಗಿಸುವ ಏರ್ಪಾಡು ಮಲೆನಾಡಿನ ಮಳೆಗಾಲದಲ್ಲಿ ಕೆಲಸಕ್ಕೆ ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಮೋಡ ಕವಿದ ದಿನಗಳಲ್ಲಿ ಆಕಾಶದ ಎಲ್ಲ ಭಾಗಗಳೂ ಹೆಚ್ಚುಕಡಿಮೆ ಒಂದೇ ಬೆಳಕಿನಲ್ಲಿ ಇರುವುದರಿಂದ, ಸೂರ್ಯ ಎಲ್ಲಿದ್ದಾನೆ ಎಂಬುದನ್ನು ಗಡಿಯಾರದ ಹೊತ್ತಿನಿಂದ ಲೆಕ್ಕ ಹಾಕಿಯೇ ತಿಳಿಯಬೇಕಾಗುತ್ತದೆ. ಆ ಲೆಕ್ಕದ ಸೂತ್ರ ಚಿಕ್ಕದು.

```
sin h = sin φ · sin δ − cos φ · cos δ · cos H
```

ಇಲ್ಲಿ h ಎಂದರೆ ಸೂರ್ಯನ ಎತ್ತರದ ಕೋನ, φ ಎಂದರೆ ಊರಿನ ಅಕ್ಷಾಂಶ (ಶಿವಮೊಗ್ಗಕ್ಕೆ ಸುಮಾರು 13.9°), δ ಎಂದರೆ ಆ ದಿನದ ಸೂರ್ಯನ ಕ್ರಾಂತಿ, ಅಂದರೆ ಸೂರ್ಯ ಸಮಭಾಜಕದಿಂದ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬ ಕೋನ, H ಎಂದರೆ ಮಧ್ಯರಾತ್ರಿಯಿಂದ ಎಣಿಸಿದ ಹೊತ್ತಿನ ಕೋನ. ಇವುಗಳಲ್ಲಿ φ ಮತ್ತು δ ಚಿಕ್ಕ ಕೋನಗಳು. ತೊಂದರೆ ಕೊಡುವುದು H. ದಿನಕ್ಕೆ ಒಂದು ಸುತ್ತು ತಿರುಗುವ ಈ ಕೋನವನ್ನು ಜನವರಿ 1ರ ಮಧ್ಯರಾತ್ರಿಯಿಂದ ಎಡೆಬಿಡದೆ ಕೂಡಿಸುತ್ತ ಹೋದರೆ, ಅಧಿಕ ವರ್ಷವಲ್ಲದ ವರ್ಷದಲ್ಲಿ, ಜೂನ್ 9ರ ಬೆಳಗಿನ ಜಾವ 3 ಗಂಟೆ 43 ನಿಮಿಷದ ಹೊತ್ತಿಗೆ ಅದು 1000 ರೇಡಿಯನ್ ಆಗುತ್ತದೆ. ಮಳೆಗಾಲ ಕಾಲಿಡುವ ಹೊತ್ತಿಗೆ ಫಲಕವನ್ನು ತಿರುಗಿಸುವ ಮೈಕ್ರೊಕಂಟ್ರೋಲರ್ ಬೋರ್ಡಿನ ಮುಂದೆ ಬರುವ ಪ್ರಶ್ನೆ ಇದು: 1000 ರೇಡಿಯನ್‌ನ ಸೈನ್ ಎಷ್ಟು, ಮತ್ತು ಬಂದ ಉತ್ತರದಲ್ಲಿ ಎಷ್ಟು ಅಂಕಿಗಳನ್ನು ನಂಬಬಹುದು?

ಈ ಒಂದು ಉದಾಹರಣೆಯನ್ನೇ ಹಿಡಿದು, 32 ಬಿಟ್‌ನ ಫ್ಲೋಟ್ ಸಂಖ್ಯೆಗಳಲ್ಲಿ ಸೈನ್ ಮತ್ತು ಕೊಸೈನ್‌ಗಳನ್ನು ಸ್ವತಃ ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಸಾಮಾನ್ಯವಾಗಿ ಗಮನವೆಲ್ಲ ಶ್ರೇಣಿಯ ಮೇಲೆ ಹೋಗುತ್ತದೆ. ಆದರೆ ಅಂಕಿಗಳು ಕಳೆದುಹೋಗುವುದು ಹೆಚ್ಚಾಗಿ ಶ್ರೇಣಿಯಲ್ಲಲ್ಲ, ಅದಕ್ಕಿಂತ ಮೊದಲಿನ ಕೋನ ಇಳಿಸುವ ಹಂತದಲ್ಲಿ. ಆದ್ದರಿಂದ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶ್ರೇಣಿಯನ್ನು ನೇರವಾಗಿ ಬಳಸಿದರೆ ಏನಾಗುತ್ತದೆ

ಕೇರಳದ ಸಂಗಮಗ್ರಾಮದ ಮಾಧವನಿಗೆ 14ನೆಯ ಶತಮಾನದ ಹೊತ್ತಿಗೇ ತಿಳಿದಿತ್ತೆಂದು ಅವನ ಪರಂಪರೆಯವರು ದಾಖಲಿಸಿರುವ ಶ್ರೇಣಿಗಳು ಇವು:

```
sin x = x − x³/3! + x⁵/5! − x⁷/7! + …
cos x = 1 − x²/2! + x⁴/4! − x⁶/6! + …
```

x ಎಷ್ಟೇ ದೊಡ್ಡದಾಗಿದ್ದರೂ ಈ ಶ್ರೇಣಿಗಳು ಸರಿಯಾದ ಬೆಲೆಗೇ ಬಂದು ನಿಲ್ಲುತ್ತವೆ ಎಂಬುದು ಗಣಿತದ ಸತ್ಯ. ಆದರೆ ಎಣಿಸಬಹುದಾದಷ್ಟೇ ಅಂಕಿಗಳನ್ನು ಹಿಡಿದಿಡುವ ಯಂತ್ರಕ್ಕೆ ಆ ಸತ್ಯದಿಂದ ನೆರವಾಗುವುದಿಲ್ಲ. x = 20 ಇರಲಿ. 20¹⁹/19! ಎಂಬ ಪದದ ಬೆಲೆ ಸುಮಾರು 4.3 ಕೋಟಿ, ಫ್ಲೋಟ್‌ನಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಆಸುಪಾಸಿನಲ್ಲಿ ಎರಡು ನೆರೆಯ ಸಂಖ್ಯೆಗಳ ನಡುವಿನ ಅಂತರವೇ 4. ಕೊನೆಗೆ ಬರಬೇಕಾದ ಉತ್ತರವಾದರೋ 0.9129. ಕೂಡಿ ಕಳೆಯುವ ಪದಗಳಲ್ಲೇ ನಾಲ್ಕರಷ್ಟು ಒರಟುತನವಿರುವಾಗ ಒಂದಕ್ಕಿಂತ ಚಿಕ್ಕದಾದ ಉತ್ತರ ಅದರಿಂದ ಹೊರಬರಲಾರದು. ಹಾಗಾಗಿ x ಅನ್ನು ಮೊದಲು ಸೊನ್ನೆಯ ಹತ್ತಿರಕ್ಕೆ ತರಬೇಕು.

ಮೊದಲ ಹಂತ: ಕೋನವನ್ನು ಇಳಿಸುವುದು

x ಅನ್ನು π/2ರಿಂದ ಭಾಗಿಸಿ, ಬಂದದ್ದನ್ನು ಅತಿ ಹತ್ತಿರದ ಪೂರ್ಣಾಂಕಕ್ಕೆ ತಂದು ಅದನ್ನು k ಎಂದು ಕರೆಯೋಣ. ಉಳಿದ ಶೇಷ r = x − k·π/2. ಹತ್ತಿರದ ಪೂರ್ಣಾಂಕವನ್ನೇ ತೆಗೆದುಕೊಂಡಿರುವುದರಿಂದ r ಯಾವಾಗಲೂ −π/4 ಮತ್ತು π/4ರ ನಡುವೆ, ಅಂದರೆ ಸುಮಾರು ±0.7854ರೊಳಗೆ ಇರುತ್ತದೆ. k ಅನ್ನು 4ರಿಂದ ಭಾಗಿಸಿದಾಗ ಉಳಿಯುವ ಸಂಖ್ಯೆ ನಾವು ಯಾವ ಕಾಲು ಸುತ್ತಿನಲ್ಲಿದ್ದೇವೆ ಎಂದು ಹೇಳುತ್ತದೆ.

```
k mod 4     sin x      cos x
   0        sin r      cos r
   1        cos r     −sin r
   2       −sin r     −cos r
   3       −cos r      sin r
```

ಸೈನ್ ಒಂದೇ ಬೇಕಾಗಿದ್ದರೂ ಎರಡು ಶ್ರೇಣಿಗಳೂ ಕೈಯಲ್ಲಿರಬೇಕು ಎಂಬುದು ಈ ಪಟ್ಟಿಯಿಂದ ಸ್ಪಷ್ಟವಾಗುತ್ತದೆ. x = 1000ಕ್ಕೆ 1000 × 0.63661977 = 636.62, ಆದ್ದರಿಂದ k = 637. ಅದನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ; ಅಂದರೆ ನಮಗೆ ಬೇಕಾದ sin 1000 ಎಂಬುದು cos rಗೆ ಸಮ. r ನಿಖರವಾಗಿ −0.5972601683.

ಈಗ ಇದೇ r ಅನ್ನು ಫ್ಲೋಟ್‌ನಲ್ಲಿ ಒಂದೇ ಗುಣಾಕಾರ, ಒಂದೇ ವ್ಯವಕಲನದಿಂದ ತೆಗೆಯಲು ಹೊರಟರೆ ಏನಾಗುತ್ತದೆಂದು ನೋಡೋಣ. π/2ರ ಅತಿ ಹತ್ತಿರದ ಫ್ಲೋಟ್ ಸಂಖ್ಯೆ 1.57079637, ಅದು ನಿಜವಾದ ಬೆಲೆಗಿಂತ 0.0000000437ರಷ್ಟು ಹೆಚ್ಚು. ಈ ಪುಟ್ಟ ಹೆಚ್ಚಳ 637 ಪಟ್ಟಾಗಿ 0.000028 ಆಗುತ್ತದೆ. ಅದರ ಮೇಲೆ, 1000ದ ಆಸುಪಾಸಿನಲ್ಲಿ ನೆರೆಯ ಫ್ಲೋಟ್ ಸಂಖ್ಯೆಗಳ ಅಂತರ 2⁻¹⁴, ಅಂದರೆ 0.000061 ಇರುವುದರಿಂದ ಗುಣಲಬ್ಧವೂ ಅಂಥ ಒಂದು ಮೆಟ್ಟಿಲಿಗೆ ಜರುಗುತ್ತದೆ. ಕೊನೆಗೆ ಸಿಗುವ r −0.5972900. ಐದನೆಯ ದಶಮಾಂಶ ಸ್ಥಾನದಲ್ಲೇ 3ರಷ್ಟು ವ್ಯತ್ಯಾಸ ಬಂದಿತು. ಇದರಿಂದ ಬರುವ ಸೈನ್ 0.826863, ಸರಿಯಾದ ಬೆಲೆ 0.826880. ಇದರ ನಂತರ ಶ್ರೇಣಿಯಲ್ಲಿ ಐವತ್ತು ಪದಗಳನ್ನು ಕೂಡಿಸಿದರೂ ಈ ವ್ಯತ್ಯಾಸ ಹೋಗುವುದಿಲ್ಲ, ಏಕೆಂದರೆ ಶ್ರೇಣಿ ಬೇರೆಯೇ ಒಂದು ಕೋನದ ಕೊಸೈನನ್ನು ಶುದ್ಧವಾಗಿ ಲೆಕ್ಕ ಹಾಕುತ್ತಿರುತ್ತದೆ.

ಪರಿಹಾರವೆಂದರೆ π/2 ಅನ್ನು ಮೂರು ತುಂಡುಗಳಾಗಿ ಒಡೆದು, ಒಂದೊಂದನ್ನೇ ಕಳೆಯುವುದು. ಕೋಡಿ ಮತ್ತು ವೇಟ್ ಎಂಬ ಇಬ್ಬರ ಹೆಸರಿನಲ್ಲಿ ಈ ವಿಧಾನ ಪ್ರಸಿದ್ಧವಾಗಿದೆ. ತುಂಡುಗಳನ್ನು ಹೀಗೆ ಆರಿಸಬಹುದು:

```
C1 = 201/128       = 1.5703125
C2 = 2029/4194304  = 0.0004837512969970703125
C3 =                 0.0000000754978995489
```

ಮೂರನ್ನೂ ಕೂಡಿಸಿದರೆ π/2 ಬರುತ್ತದೆಯೆಂದು ಓದುಗರು ಕಾಗದದ ಮೇಲೆಯೇ ನೋಡಿಕೊಳ್ಳಬಹುದು. ಇಲ್ಲಿನ ಜಾಣ್ಮೆ ಇರುವುದು ಮೊದಲ ಎರಡು ತುಂಡುಗಳ ಅಂಶಗಳಲ್ಲಿ. 4194304 ಎಂಬುದು 2²², 128 ಎಂಬುದು 2⁷. ಎರಡು ಛೇದಗಳೂ ಎರಡರ ಘಾತಗಳಾದ್ದರಿಂದ ಫ್ಲೋಟ್‌ಗೆ ಹೊರೆಯಾಗುವುದಿಲ್ಲ. 201 ಎಂಟು ದ್ವಿಮಾನ ಅಂಕಿಗಳ ಸಂಖ್ಯೆ, 2029 ಹನ್ನೊಂದು ಅಂಕಿಗಳ ಸಂಖ್ಯೆ. ಫ್ಲೋಟ್ ಹಿಡಿದಿಡುವುದು 24 ದ್ವಿಮಾನ ಅಂಕಿಗಳನ್ನು. ಆದ್ದರಿಂದ k ಹದಿಮೂರು ಅಂಕಿಗಳೊಳಗೆ, ಅಂದರೆ 8191ರೊಳಗೆ ಇರುವವರೆಗೂ k·C1 ಮತ್ತು k·C2 ಎರಡೂ ಒಂದಿಷ್ಟೂ ಕತ್ತರಿಸಿಹೋಗದೆ ಪೂರ್ತಿಯಾಗಿ ಹಿಡಿಸುತ್ತವೆ. ಗುಣಲಬ್ಧಗಳು ನಿಖರವಾಗಿರುವಾಗ ಎರಡು ವ್ಯವಕಲನಗಳೂ ನಿಖರವಾಗಿಯೇ ನಡೆಯುತ್ತವೆ: ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಉಳಿಯುವುದು ಚಿಕ್ಕ ಸಂಖ್ಯೆ, ಅದರ ಕೊನೆಯ ಅಂಕಿ x ಅಥವಾ k·C2ರ ಕೊನೆಯ ಅಂಕಿಗಿಂತ ಸಣ್ಣದಾಗಿರಲು ಸಾಧ್ಯವಿಲ್ಲದ್ದರಿಂದ ಅದು 24 ಅಂಕಿಗಳೊಳಗೆ ಕೂರುತ್ತದೆ. ದುಂಡಾಗಿಸುವ ಪ್ರಸಂಗ ಬರುವುದು ಮೂರನೆಯ ತುಂಡನ್ನು ಕಳೆಯುವಾಗ ಮಾತ್ರ, ಅಷ್ಟು ಹೊತ್ತಿಗೆ r ಒಂದಕ್ಕಿಂತ ಕಡಿಮೆಯಾಗಿರುತ್ತದೆ. ಆ ದೋಷ 3 × 10⁻⁸ ದಾಟುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಇದು ಹೀಗೆ ನಡೆಯುತ್ತದೆ.

```
637 × C1 = 1000.2890625       1000 − ಇದು = −0.2890625
637 × C2 = 0.3081495761871    ಉಳಿದದ್ದು  = −0.5972120761871
637 × C3 = 0.0000480921620    ಉಳಿದದ್ದು  = −0.5972601683491
```

ನಿಖರವಾದ r ಜೊತೆ ಇದನ್ನು ಹೋಲಿಸಿದರೆ ಎಲ್ಲ ಅಂಕಿಗಳೂ ಕೂಡಿಬರುತ್ತವೆ. ಇದು ಕಾಗದದ ಮೇಲಿನ ಲೆಕ್ಕ. ಬೋರ್ಡಿನಲ್ಲಿ ಕೊನೆಯ ಸಾಲು ಮಾತ್ರ ಫ್ಲೋಟ್‌ಗೆ ಹಿಡಿಸುವಷ್ಟು ದುಂಡಾಗುತ್ತದೆ.

ಎರಡನೆಯ ಹಂತ: ಎಷ್ಟು ಪದಗಳು ಸಾಕು

ಚಿಹ್ನೆಗಳು ಒಂದಾದ ಮೇಲೊಂದು ಬದಲಾಗುತ್ತ, ಪದಗಳ ಗಾತ್ರ ಇಳಿಯುತ್ತಲೇ ಹೋಗುವ ಶ್ರೇಣಿಗೆ ಒಂದು ಒಳ್ಳೆಯ ಗುಣವಿದೆ. ಎಲ್ಲಿ ನಿಲ್ಲಿಸಿದರೂ ಉಳಿಯುವ ದೋಷ, ಬಿಟ್ಟ ಮೊದಲ ಪದಕ್ಕಿಂತ ದೊಡ್ಡದಾಗಿರುವುದಿಲ್ಲ. ಆ ಪದದ ಚಿಹ್ನೆ ಯಾವ ಕಡೆಗಿದೆಯೋ ನಿಜವಾದ ಬೆಲೆಯೂ ಆ ಕಡೆಗೇ ಇರುತ್ತದೆ. ಕೋನ ಇಳಿಸುವುದಕ್ಕೆ ಮುಂಚೆ ಈ ಗುಣವನ್ನು ಬಳಸುವಂತಿರಲಿಲ್ಲ, ಏಕೆಂದರೆ x = 20ಕ್ಕೆ ಪದಗಳು ಮೊದಲು ಏರುತ್ತವೆ. |r| ≤ π/4 ಆದ ಮೇಲೆ ಕೊಸೈನ್ ಶ್ರೇಣಿಯ ಎರಡನೆಯ ಪದವೇ ಮೊದಲನೆಯದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ, ಮುಂದಿನವು ಇನ್ನೂ ವೇಗವಾಗಿ ಇಳಿಯುತ್ತವೆ.

ಮಿತಿಯನ್ನು ತಿಳಿಯಲು r = π/4 ಎಂದು ಇಟ್ಟು ಬಿಟ್ಟ ಪದದ ಬೆಲೆ ನೋಡಿದರಾಯಿತು. ಸೈನ್‌ಅನ್ನು r⁷ಕ್ಕೆ ನಿಲ್ಲಿಸಿದರೆ r⁹/362880 ಎಂಬುದು 3.1 × 10⁻⁷ ಆಗುತ್ತದೆ. r⁹ವರೆಗೆ ಹೋದರೆ r¹¹/39916800 ಎಂಬುದು 1.8 × 10⁻⁹. ಕೊಸೈನ್‌ಅನ್ನು r⁸ಕ್ಕೆ ನಿಲ್ಲಿಸಿದರೆ r¹⁰/3628800 ಎಂಬುದು 2.5 × 10⁻⁸. ಉತ್ತರ 0.5 ಮತ್ತು 1ರ ನಡುವೆ ಇರುವಾಗ ಫ್ಲೋಟ್ ದುಂಡಾಗಿಸುವ ದೋಷವೇ 3 × 10⁻⁸ವರೆಗೆ ಹೋಗಬಹುದಾದ್ದರಿಂದ, ಎರಡಕ್ಕೂ ಐದೈದು ಪದಗಳು ಸಾಕು. ಸೈನ್‌ಗೆ ನಾಲ್ಕೇ ಪದ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಗುಣಾಕಾರ ಉಳಿಸಲು ಹೋಗಿ ಹತ್ತುಪಟ್ಟು ದೋಷವನ್ನು ಒಪ್ಪಿಕೊಂಡಂತಾಗುತ್ತದೆ. ಹಾಗೆಯೇ ಆರನೆಯ ಪದ ಸೇರಿಸುವುದೂ ವ್ಯರ್ಥ, ಅದು ತರುವ ಸುಧಾರಣೆ ದುಂಡಾಗಿಸುವ ದೋಷದ ಕೆಳಗೆ ಮುಚ್ಚಿಹೋಗುತ್ತದೆ.

ಈಗ cos(0.5972601683) ಲೆಕ್ಕ. r² = 0.3567197087.

```
1
− r²/2      = −0.1783598543
+ r⁴/24     = +0.0053020396
− r⁶/720    = −0.0000630447
+ r⁸/40320  = +0.0000004016
ಮೊತ್ತ         0.8268795421
```

sin 1000ದ ನಿಜವಾದ ಬೆಲೆ 0.8268795405. ವ್ಯತ್ಯಾಸ 1.6 × 10⁻⁹. ನಾವು ಬಿಟ್ಟ r¹⁰/3628800 ಪದದ ಬೆಲೆ ಈ rಗೆ 1.592 × 10⁻⁹. ಹೆಚ್ಚು ಅಂಕಿಗಳನ್ನಿಟ್ಟುಕೊಂಡು ಲೆಕ್ಕ ಹಾಕಿದಾಗ ನಿಜವಾದ ದೋಷ 1.587 × 10⁻⁹, ಅಂದರೆ ಮಿತಿಗಿಂತ ತುಸುವೇ ಕಡಿಮೆ. ಬಿಟ್ಟ ಪದದ ಚಿಹ್ನೆ ಋಣ, ನಮ್ಮ ಮೊತ್ತವೂ ನಿಜಕ್ಕಿಂತ ಹೆಚ್ಚೇ ಇದೆ. ಗಾತ್ರ ಮತ್ತು ದಿಕ್ಕು ಎರಡೂ ಕೂಡಿಬಂದಾಗ ಪದಗಳ ಗುಣಕಗಳನ್ನು ಸರಿಯಾಗಿ ಬರೆದಿದ್ದೇವೆಂದು ನಂಬಬಹುದು. ದೋಷ ಮಿತಿಯನ್ನು ದಾಟಿದರೆ ಅಥವಾ ಅದರ ಚಿಹ್ನೆ ತಿರುಗಿದ್ದರೆ ಒಂದು ಗುಣಕ ತಪ್ಪಾಗಿದೆ ಅಥವಾ r ಕೆಟ್ಟಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಮಾತ್ರ ಕಂಪ್ಯೂಟರಿನಲ್ಲಿ 64 ಬಿಟ್‌ನ ಡಬಲ್‌ನಲ್ಲೇ ಮಾಡಬೇಕು, ಫ್ಲೋಟ್‌ನಲ್ಲಿ 10⁻⁹ ಗಾತ್ರದ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಮೂರನೆಯ ಹಂತ: ಪ್ರೋಗ್ರಾಂ

```c
#include <math.h>

static float ps(float r) {
    float z = r * r;
    return r + r*z*(-1.0f/6 + z*(1.0f/120
             + z*(-1.0f/5040 + z*(1.0f/362880))));
}
static float pc(float r) {
    float z = r * r;
    return 1.0f + z*(-0.5f + z*(1.0f/24
             + z*(-1.0f/720 + z*(1.0f/40320))));
}
float my_sin(float x) {
    long k = lroundf(x * 0.63661977f);
    float r = x - k * 1.5703125f;
    r = r - k * 4.837512969970703125e-4f;
    r = r - k * 7.54978995489e-8f;
    switch (k & 3) {
        case 0:  return  ps(r);
        case 1:  return  pc(r);
        case 2:  return -ps(r);
        default: return -pc(r);
    }
}
```

ಕೊಸೈನ್‌ಗೆ ಬೇರೆ ಪ್ರೋಗ್ರಾಂ ಬೇಕಿಲ್ಲ. ಮೇಲಿನ ಪಟ್ಟಿಯಂತೆ switch ಒಳಗಿನ ಸಾಲುಗಳನ್ನು ಬದಲಿಸಿದರೆ ಸಾಕು. ಶ್ರೇಣಿಯನ್ನು ಒಳಗಿನಿಂದ ಹೊರಗೆ, ಅಂದರೆ ಚಿಕ್ಕ ಪದಗಳಿಂದ ದೊಡ್ಡ ಪದಗಳ ಕಡೆಗೆ ಲೆಕ್ಕ ಹಾಕಿರುವುದನ್ನು ಗಮನಿಸಬೇಕು. ದೊಡ್ಡ ಪದವಾದ r ಅಥವಾ 1 ಕೊನೆಗೆ ಸೇರುವುದರಿಂದ ಒಳಗಿನ ದುಂಡಾಗಿಸುವ ದೋಷಗಳು ಚಿಕ್ಕ ಪದಗಳಿಗೇ ಸೀಮಿತವಾಗುತ್ತವೆ. ಕೋನ ಇಳಿಸಿದ ದೋಷ, ಬಿಟ್ಟ ಪದದ ದೋಷ, ಲೆಕ್ಕದ ನಡುವೆ ದುಂಡಾಗಿಸಿದ ದೋಷ, ಈ ಮೂರನ್ನೂ ಕೂಡಿಸಿದರೂ ಒಟ್ಟು 1.5 × 10⁻⁷ ಒಳಗೇ ಇರುತ್ತದೆ.

ಕಂಪೈಲ್ ಮಾಡುವಾಗ ಒಂದು ಎಚ್ಚರಿಕೆ ಅಗತ್ಯ. `-ffast-math` ಆಯ್ಕೆಯನ್ನು ಕೊಟ್ಟರೆ, ಕೂಡುವ ಕಳೆಯುವ ಕ್ರಮವನ್ನು ತನಗೆ ಅನುಕೂಲವಾಗುವಂತೆ ಬದಲಿಸಲು ಕಂಪೈಲರ್‌ಗೆ ಅನುಮತಿ ಕೊಟ್ಟಂತಾಗುತ್ತದೆ. ಅದು ಮೂರು ವ್ಯವಕಲನಗಳನ್ನು ಒಂದಾಗಿಸಿದರೆ, ಮೂರು ತುಂಡು ಮಾಡಿದ್ದರ ಫಲವೆಲ್ಲ ಹೋಗಿ ಹಳೆಯ 0.826863 ಮರಳಿ ಬರಬಹುದು.

ನಾಲ್ಕನೆಯ ಹಂತ: ಪರೀಕ್ಷಿಸುವುದು ಹೇಗೆ

sin²x + cos²x = 1 ಬರುತ್ತದೆಯೇ ಎಂದು ನೋಡುವುದು ಹಲವರ ವಾಡಿಕೆ. ಇಲ್ಲಿ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. r ಕೆಟ್ಟಿದ್ದರೂ sin r ಮತ್ತು cos r ಎರಡೂ ಅದೇ ಕೆಟ್ಟ ಕೋನದವೇ ಆಗಿರುವುದರಿಂದ ಅವುಗಳ ವರ್ಗಗಳ ಮೊತ್ತ ಒಂದೇ ಆಗುತ್ತದೆ. ಶ್ರೇಣಿಯ ಗುಣಕಗಳ ತಪ್ಪನ್ನು ಇದು ಹಿಡಿಯಬಲ್ಲದು, ಕೋನ ಇಳಿಸುವಾಗಿನ ತಪ್ಪನ್ನು ಎಂದಿಗೂ ಹಿಡಿಯಲಾರದು.

ಆ ತಪ್ಪನ್ನು ಹಿಡಿಯಲು π/2ರ ಪೂರ್ಣಾಂಕ ಪಟ್ಟುಗಳಿಗೆ ತೀರ ಹತ್ತಿರವಿರುವ ಕೋನ ಬೇಕು, ಅದಕ್ಕೆ 355 ಬಹಳ ಒಳ್ಳೆಯದು. 355/113 ಎಂಬುದು πಗೆ ಬಹು ಸಮೀಪವಾದ್ದರಿಂದ 355 ರೇಡಿಯನ್ 113 ಅರ್ಧ ಸುತ್ತುಗಳಿಗೆ ಹೆಚ್ಚುಕಡಿಮೆ ಸಮ; sin 355 = −0.0000301444. ಒಂದೇ ವ್ಯವಕಲನದ ವಿಧಾನ ಇಲ್ಲಿ −0.0000305176 ಕೊಡುತ್ತದೆ. ಮೇಲ್ನೋಟಕ್ಕೆ ಎರಡೂ ಸೊನ್ನೆಯ ಹತ್ತಿರವೇ, ಆದರೆ ಉತ್ತರದ ಗಾತ್ರಕ್ಕೆ ಹೋಲಿಸಿದರೆ ದೋಷ ಶೇಕಡಾ 1.2. ತಪ್ಪು ಉತ್ತರ ಸರಿಯಾಗಿ 2⁻¹⁵ ಆಗಿರುವುದೂ ಒಂದು ಸುಳಿವು: ಎರಡರ ಘಾತಗಳಲ್ಲೇ ಉತ್ತರ ಬಂದು ನಿಲ್ಲುತ್ತಿದ್ದರೆ ಅಂಕಿಗಳೆಲ್ಲ ವ್ಯವಕಲನದಲ್ಲಿ ಅಳಿಸಿಹೋಗಿವೆ ಎಂದು ತಿಳಿಯಬೇಕು. ಮೂರು ತುಂಡುಗಳ ವಿಧಾನದಲ್ಲಿ k = 226, ಶೇಷ 0.109375, ಆಮೇಲೆ 0.0000472069, ಕೊನೆಗೆ 0.0000301444 ಎಂದು ಇಳಿದು ಸರಿಯಾದ ಉತ್ತರ ಬರುತ್ತದೆ.

ಹೋಲಿಕೆಯ ಬೆಲೆಯನ್ನು ಕಂಪ್ಯೂಟರಿನ ಡಬಲ್ `sin`ನಿಂದ ತೆಗೆದುಕೊಳ್ಳಬೇಕು. ಅದಕ್ಕೆ ಕೊಡುವುದು `sin((double)x)` ಆಗಿರಬೇಕು, ಅಂದರೆ ಬೋರ್ಡ್ ಬಳಸಿದ ಅದೇ ಫ್ಲೋಟ್ ಸಂಖ್ಯೆಯೇ ಆಗಿರಬೇಕು. ಆರ್ಡುಯಿನೊ ಉನೊ R3 ಬೋರ್ಡಿನಲ್ಲಿ `double` ಕೂಡ 32 ಬಿಟ್‌ನದೇ ಆದ್ದರಿಂದ ಅಲ್ಲಿಯೇ ಹೋಲಿಸಿದರೆ ಏನೂ ತಿಳಿಯುವುದಿಲ್ಲ. −12000ದಿಂದ 12000ದವರೆಗೆ ನಡುನಡುವೆ ಸಾಕಷ್ಟು ಬೆಲೆಗಳನ್ನು ಕೊಟ್ಟು, ಅತಿ ದೊಡ್ಡ ವ್ಯತ್ಯಾಸವನ್ನು ಮತ್ತು ಅದು ಬಂದ xನ್ನು ಬರೆದಿಟ್ಟುಕೊಳ್ಳಬೇಕು. ವ್ಯತ್ಯಾಸ xನ ಜೊತೆಗೆ ಬೆಳೆಯುತ್ತ ಹೋದರೆ ತಪ್ಪು ಕೋನ ಇಳಿಸುವಲ್ಲಿದೆ, |r| 0.78ರ ಹತ್ತಿರವಾದಾಗಲೆಲ್ಲ ಏರಿ, r ಚಿಕ್ಕದಾದಾಗ ಇಳಿಯುತ್ತಿದ್ದರೆ ತಪ್ಪು ಶ್ರೇಣಿಯಲ್ಲಿದೆ.

ಕೊಟ್ಟ ಕೋನವೇ ಒರಟಾಗಿದ್ದರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ದೋಷ ನಮ್ಮ ಕೈಗೆ ಸಿಗದೆ ಉಳಿಯುತ್ತದೆ. `my_sin` ತನಗೆ ಕೊಟ್ಟ xನ ಸೈನನ್ನು ಸರಿಯಾಗಿ ಕೊಡುತ್ತದೆ. ಆದರೆ ಆ x ನಮಗೆ ಬೇಕಾದ ಕೋನವೇ ಎಂಬುದು ಬೇರೆ ಮಾತು. 1000 ರೇಡಿಯನ್‌ನ ಹತ್ತಿರ ಫ್ಲೋಟ್ ಸಂಖ್ಯೆಗಳ ಅಂತರವಾದ 0.000061 ರೇಡಿಯನ್ ಎಂದರೆ ಹೊತ್ತಿನಲ್ಲಿ 0.84 ಸೆಕೆಂಡು. ಐದು ವರ್ಷ ಕೂಡಿಸುತ್ತ ಹೋಗಿ 12000 ರೇಡಿಯನ್ ತಲುಪಿದಾಗ ಆ ಅಂತರ 13 ಸೆಕೆಂಡಿಗೆ ಏರುತ್ತದೆ. ಫಲಕ ತಿರುಗಿಸಲು ಇದು ದೊಡ್ಡ ದೋಷವಲ್ಲ. ಶಿವಮೊಗ್ಗದ ಮಧ್ಯಾಹ್ನ ಗಡಿಯಾರದ 12 ಗಂಟೆಗಿಂತ ಸರಾಸರಿ 28 ನಿಮಿಷ ತಡವಾಗಿ ಬರುತ್ತದೆ ಎಂಬುದನ್ನು ಮರೆತರೆ ಆಗುವ 7 ಡಿಗ್ರಿಯ ತಪ್ಪಿನ ಮುಂದೆ ಇದು ಏನೂ ಅಲ್ಲ. ಆದರೆ ಇದನ್ನು ಪೂರ್ತಿಯಾಗಿ ತಪ್ಪಿಸುವುದು ಸುಲಭವಾಗಿರುವಾಗ ಇಟ್ಟುಕೊಳ್ಳಲು ಕಾರಣವಿಲ್ಲ.

ಹೊತ್ತನ್ನು ಸೆಕೆಂಡುಗಳ ಪೂರ್ಣಾಂಕವಾಗಿಯೇ ಇಟ್ಟುಕೊಂಡು, ಕೋನದ ಬದಲು ಅದನ್ನೇ ಇಳಿಸಬೇಕು. ಕಾಲು ಸುತ್ತಿಗೆ 21600 ಸೆಕೆಂಡು. ಜೂನ್ 9ರ ಬೆಳಿಗ್ಗೆ ಗಡಿಯಾರದಲ್ಲಿ 9:30 ಆದಾಗ, ವರ್ಷದ ಮೊದಲಿನಿಂದ ಕಳೆದದ್ದು 159 × 86400 + 34200 = 13771800 ಸೆಕೆಂಡು. ಇದನ್ನು 21600ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕ ತೆಗೆದುಕೊಂಡರೆ k = 638, ಉಳಿದದ್ದು 13771800 − 13780800 = −9000 ಸೆಕೆಂಡು. ಇಲ್ಲಿಯವರೆಗೆ ನಡೆದದ್ದೆಲ್ಲ ಪೂರ್ಣಾಂಕಗಳ ಲೆಕ್ಕ, ದೋಷ ಸೊನ್ನೆ. ಈಗ ಒಂದೇ ಒಂದು ಗುಣಾಕಾರ: r = −9000 × 0.0000727220522 = −0.6544985, ಇದರಲ್ಲಿನ ದೋಷ ಕೋಟಿಯಲ್ಲಿ ಒಂದೆರಡು ಪಾಲು. 638ನ್ನು 4ರಿಂದ ಭಾಗಿಸಿದರೆ 2 ಉಳಿಯುವುದರಿಂದ ಸೈನ್ = −sin r = 0.608761, ಕೊಸೈನ್ = −cos r = −0.793353.

ಇದನ್ನು ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು. ಮಧ್ಯರಾತ್ರಿಯಿಂದ ಒಂಬತ್ತೂವರೆ ಗಂಟೆ, ಗಂಟೆಗೆ 15 ಡಿಗ್ರಿಯಂತೆ 142.5 ಡಿಗ್ರಿ, ಅದರ ಸೈನ್ 37.5 ಡಿಗ್ರಿಯ ಸೈನ್‌ಗೆ ಸಮ, ಕೋಷ್ಟಕದಲ್ಲಿ ಅದು 0.6088. k ಇಲ್ಲಿ ಫ್ಲೋಟ್ ಆಗುವುದೇ ಇಲ್ಲವಾದ್ದರಿಂದ 8191ರ ಮಿತಿಯೂ ಅನ್ವಯಿಸುವುದಿಲ್ಲ. ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ ಸೆಕೆಂಡುಗಳನ್ನು ಎಣಿಸಿದರೆ ಅದು ತುಂಬಲು 136 ವರ್ಷ ಬೇಕು. ಕೋನ ಮೂಲತಃ ರೇಡಿಯನ್‌ನಲ್ಲೇ ಬರುವ ಲೆಕ್ಕಗಳಿಗೆ ಮಾತ್ರ ಮೂರು ತುಂಡುಗಳ ವಿಧಾನವನ್ನು ಬಳಸಬೇಕು, ಅಲ್ಲಿ |x| 12000 ದಾಟಿದರೆ ಉತ್ತರ ಕೊಡುವ ಬದಲು ತಪ್ಪು ಸೂಚನೆ ಕೊಡುವಂತೆ `my_sin`ನ ಮೊದಲ ಸಾಲಿನಲ್ಲೇ ಒಂದು ತಡೆ ಹಾಕಬೇಕು.